ಕಾಬಾವನ್ನು ‘ಪೂಜಿಸುವ’ ಪ್ರಬಂಧ: ಬೇರೆ ಧರ್ಮದ ಬಗ್ಗೆ ಬರೆಯುವುದನ್ನು ಕಲಿಸಿದ ನನ್ನ ಅನುಭವ

ನಾನು ಧರ್ಮಗಳ ಅಧ್ಯಯನದ ತರಗತಿ ತೆಗೆದುಕೊಳ್ಳುತ್ತೇನೆ. ವಿದ್ಯಾರ್ಥಿಗಳು ತಮ್ಮದಲ್ಲದ ಒಂದು ಧರ್ಮದ ಬಗ್ಗೆ ಪ್ರಬಂಧ ಬರೆಯಬೇಕು. ಒಮ್ಮೆ ಒಬ್ಬ ವಿದ್ಯಾರ್ಥಿನಿ ಇಸ್ಲಾಂ ಬಗ್ಗೆ ಬರೆದು ತಂದಳು. ಮೊದಲ ಪ್ಯಾರಾ ಹೀಗಿತ್ತು:

“ಮುಸ್ಲಿಮರು ದಿನಕ್ಕೆ ಐದು ಸಲ ಕಾಬಾವನ್ನು ಪೂಜಿಸುತ್ತಾರೆ. ಮಸೀದಿಯ ಅರ್ಚಕರನ್ನು ಇಮಾಮ್ ಎನ್ನುತ್ತಾರೆ. ಎಲ್ಲ ಮುಸ್ಲಿಮರೂ ರಂಜಾನ್ ತಿಂಗಳಿಡೀ ಉಪವಾಸ ಇರುತ್ತಾರೆ. ಧರ್ಮದ ನಿಯಮ ಮೀರಿದವರಿಗೆ ಗುರುಗಳು ಫತ್ವಾ ಹೊರಡಿಸಿ ಶಿಕ್ಷೆ ಕೊಡುತ್ತಾರೆ.”

ಇದರಲ್ಲಿ ದ್ವೇಷದ ಒಂದು ಮಾತೂ ಇಲ್ಲ. ಅವಳು ಗೌರವದಿಂದಲೇ ಬರೆದಿದ್ದಳು. ಆದರೂ ನಾಲ್ಕು ವಾಕ್ಯಗಳಲ್ಲಿ ಒಂದೂ ಹಾಗೇ ಉಳಿಯುವಂಥದ್ದಲ್ಲ. ನಾನು ಆಗ ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಕೆಂಪು ಪೆನ್ನು ಹಿಡಿದು ನಾಲ್ಕನ್ನೂ ನಾನೇ ತಿದ್ದಿ ಕೊಟ್ಟೆ. ಅವಳ ಮುಂದಿನ ಪ್ರಬಂಧ ಬೌದ್ಧ ಧರ್ಮದ ಬಗ್ಗೆ. ಅದರಲ್ಲಿ “ಎಲ್ಲ ಬೌದ್ಧರೂ ಬುದ್ಧನನ್ನು ದೇವರೆಂದು ಪೂಜಿಸುತ್ತಾರೆ” ಎಂದಿತ್ತು. ಧರ್ಮ ಬದಲಾಗಿತ್ತು, ತಪ್ಪು ಬದಲಾಗಿರಲಿಲ್ಲ. ಉತ್ತರ ತಿದ್ದಿದರೆ ಸಾಲದು, ವಾಕ್ಯ ಕಟ್ಟುವ ರೀತಿಯನ್ನೇ ಅವಳ ಜೊತೆ ಕೂತು ಬಿಚ್ಚಿ ನೋಡಬೇಕು ಅಂತ ನನಗೆ ಅನ್ನಿಸಿದ್ದು ಆಗ. ಅದೇ ಹಳೆಯ ಪ್ಯಾರಾವನ್ನು ಮತ್ತೆ ಎದುರಿಗಿಟ್ಟುಕೊಂಡು ಇಬ್ಬರೂ ಕೂತೆವು.

ಮೊದಲು ‘ಪೂಜಿಸುತ್ತಾರೆ’ ಎಂಬ ಪದ ತೆಗೆದುಕೊಂಡೆವು. “ಪೂಜೆ ಅಂದರೆ ನಿನ್ನ ಮನಸ್ಸಿಗೆ ಏನು ಬರುತ್ತದೆ?” ಎಂದು ಕೇಳಿದೆ. ಮೂರ್ತಿ, ಹೂವು, ದೀಪ, ನೈವೇದ್ಯ ಎಂದಳು. “ಇದರಲ್ಲಿ ನಮಾಜಿನಲ್ಲಿ ಯಾವುದಿದೆ?” ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವುದೂ ಇಲ್ಲ ಎಂದಳು. ಮಕ್ಕಾದಲ್ಲಿರುವ ಕಾಬಾ ನಮಾಜಿಗೆ ದಿಕ್ಕು ಮಾತ್ರ. ಆ ದಿಕ್ಕನ್ನು ಕಿಬ್ಲಾ ಎನ್ನುತ್ತಾರೆ. ಮದೀನಾಕ್ಕೆ ಹೋದ ಮೊದಲ ದಿನಗಳಲ್ಲಿ ಮುಸ್ಲಿಮರು ಜೆರುಸಲೇಮಿನ ಕಡೆ ಮುಖ ಮಾಡಿ ನಮಾಜು ಮಾಡುತ್ತಿದ್ದರು. ಕಾಬಾದ ಕಡೆ ತಿರುಗಿದ್ದು ಆಮೇಲೆ, 624ರ ಸುಮಾರಿಗೆ. ಕಾಬಾವೇ ದೇವರಾಗಿದ್ದರೆ ಈ ಬದಲಾವಣೆಗೆ ಅರ್ಥವೇ ಇರುತ್ತಿರಲಿಲ್ಲ, ಅಲ್ವಾ? ಮುಖವನ್ನು ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸುವುದೇ ಒಳ್ಳೆಯತನವಲ್ಲ ಎಂಬ ಮಾತು ಕುರಾನಿನ 2ನೇ ಅಧ್ಯಾಯದ 177ನೇ ವಚನದಲ್ಲಿದೆ. ದೇವರನ್ನು ಬಿಟ್ಟು ಬೇರೆ ಯಾವುದನ್ನೂ ಆರಾಧಿಸಬಾರದು ಎಂಬುದು ಆ ಧರ್ಮದ ಬುಡ. ಅಂಥಲ್ಲಿ ‘ಕಾಬಾವನ್ನು ಪೂಜಿಸುತ್ತಾರೆ’ ಎಂದರೆ ಅದು ಬರಿ ಪದದ ತಪ್ಪಲ್ಲ. ಅವರು ಅತಿ ದೊಡ್ಡ ಪಾಪ ಎನ್ನುವುದನ್ನೇ ದಿನಕ್ಕೆ ಐದು ಸಲ ಮಾಡುತ್ತಾರೆ ಎಂದ ಹಾಗಾಗುತ್ತದೆ.

‘ಅರ್ಚಕ’ ಕೂಡ ಇದೇ ಜಾತಿಯ ತಪ್ಪು. ಅರ್ಚಕ ಭಕ್ತರ ಪರವಾಗಿ ಪೂಜೆ ಮಾಡುತ್ತಾನೆ. ಇಮಾಮ್ ಮುಂದೆ ನಿಂತು ನಮಾಜನ್ನು ಮುನ್ನಡೆಸುತ್ತಾನೆ, ಹಿಂದಿನವರು ತಮ್ಮ ನಮಾಜನ್ನು ತಾವೇ ಮಾಡುತ್ತಾರೆ. ಹತ್ತಿರದಲ್ಲಿ ಮಸೀದಿ ಇಲ್ಲದಿದ್ದರೆ ಗೆಳೆಯರ ಗುಂಪಿನಲ್ಲಿ ಒಬ್ಬ ಮುಂದೆ ನಿಲ್ಲುತ್ತಾನೆ, ಆ ಹೊತ್ತಿಗೆ ಅವನೇ ಇಮಾಮ್. ಇನ್ನೊಂದು ತೊಡಕೂ ಇದೆ. ಶಿಯಾಗಳ ದೊಡ್ಡ ಪಂಗಡದಲ್ಲಿ ಇಮಾಮ್ ಅಂದರೆ ಪ್ರವಾದಿಯ ಅಳಿಯ ಅಲಿಯಿಂದ ಶುರುವಾಗುವ 12 ಮಂದಿಯ ಪರಂಪರೆಯಲ್ಲಿ ಒಬ್ಬರು. ಒಂದೇ ಪದ, ಆದರೆ ಹೇಳುವವರು ಯಾರು ಅನ್ನುವುದರ ಮೇಲೆ ಅರ್ಥ ಬೇರೆ.

ಹೊಸಬರ ಬರವಣಿಗೆಯಲ್ಲಿ ನಾನು ಜಾಸ್ತಿ ಕಾಣುವುದು ಈ ತಪ್ಪನ್ನೇ. ಪರಿಚಯವಿಲ್ಲದ್ದಕ್ಕೆ ಪರಿಚಯದ ಹೆಸರು ಕೊಡುತ್ತಾರೆ, ಆ ಹೆಸರಿನ ಜೊತೆ ಅದರ ಅರ್ಥವೆಲ್ಲ ಸದ್ದಿಲ್ಲದೆ ಒಳಗೆ ಬಂದುಬಿಡುತ್ತದೆ. ‘ಉಪವಾಸ’ವನ್ನೇ ನೋಡಿ. ಆ ಪದ ಕೇಳಿದರೆ ಹಣ್ಣು ಹಾಲು ತಿನ್ನಬಹುದಾದ ವ್ರತ ನಮ್ಮ ಕಣ್ಣಿಗೆ ಬರುತ್ತದೆ. ರಂಜಾನಿನ ಉಪವಾಸವಾದ ರೋಜಾದಲ್ಲಿ ಬೆಳಗಿನ ಜಾವದಿಂದ ಸೂರ್ಯ ಮುಳುಗುವವರೆಗೆ ನೀರೂ ಇಲ್ಲ, ಮುಳುಗಿದ ಮೇಲೆ ಊಟವಿದೆ. ‘ತಿಂಗಳಿಡೀ ಉಪವಾಸ’ ಎಂದರೆ ಓದುಗನಿಗೆ ಇದ್ಯಾವುದೂ ತಿಳಿಯುವುದಿಲ್ಲ.

ಹಾಗಂತ ಸಿಕ್ಕ ಅರಬ್ಬಿ ಪದವನ್ನೆಲ್ಲ ತುಂಬಿದರೂ ಆಗುವುದಿಲ್ಲ. ಇನ್ನೊಬ್ಬ ವಿದ್ಯಾರ್ಥಿ “ಮುಸ್ಲಿಮರು ಸಲಾತ್ ಮತ್ತು ನಮಾಜ್ ಎರಡನ್ನೂ ಮಾಡುತ್ತಾರೆ” ಎಂದು ಬರೆದಿದ್ದ. ಸಲಾತ್ ಅರಬ್ಬಿ, ನಮಾಜ್ ಪಾರಸಿ, ಎರಡೂ ಒಂದೇ. ನಿಜವಾಗಿ ಬೇರೆಯಾದದ್ದು ದುಆ, ಅಂದರೆ ಯಾವ ಹೊತ್ತಿನಲ್ಲಾದರೂ ತನ್ನ ಮಾತಿನಲ್ಲಿ ದೇವರನ್ನು ಬೇಡಿಕೊಳ್ಳುವುದು. ‘ಪ್ರಾರ್ಥನೆ’ ಎಂಬ ಒಂದೇ ಪದದಲ್ಲಿ ನಮಾಜು, ದುಆ ಎರಡನ್ನೂ ಸೇರಿಸಿದರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ.

ಇನ್ನು ‘ಎಲ್ಲ ಮುಸ್ಲಿಮರೂ’. ಇಲ್ಲಿ ನಾನು ಅವಳಿಗೆ ಕೊಟ್ಟ ಕೆಲಸ ಸರಳ. ಪ್ರತಿ ವಾಕ್ಯದಲ್ಲಿ ‘ಯಾರು’ ಎಂದು ಹೇಳುವ ಪದದ ಕೆಳಗೆ ಗೆರೆ ಎಳೆ. ಆಮೇಲೆ ಈ ವಾಕ್ಯ ಹೇಳುತ್ತಿರುವುದು ಗ್ರಂಥದಲ್ಲಿರುವ ಮಾತೋ, ವಿದ್ವಾಂಸರು ಕಟ್ಟಿದ ನಿಯಮವೋ, ಜನ ನಡೆಸುತ್ತಿರುವ ಬದುಕೋ ಎಂದು ಪಕ್ಕದಲ್ಲಿ ಬರೆ. ರೋಜಾದ ವಾಕ್ಯದಲ್ಲಿ ಮೂರೂ ಕಲಸಿಹೋಗಿದ್ದವು. ಗ್ರಂಥದಲ್ಲೇ ಕಾಯಿಲೆಯವರಿಗೂ ಪ್ರಯಾಣದಲ್ಲಿರುವವರಿಗೂ ಬಿಡುವಿದೆ, ಬಿಟ್ಟ ದಿನಗಳನ್ನು ಆಮೇಲೆ ತುಂಬಿಕೊಡಬೇಕು. ವಿದ್ವಾಂಸರ ನಿಯಮದಲ್ಲಿ ಚಿಕ್ಕ ಮಕ್ಕಳಿಗೆ ಅದು ಕಡ್ಡಾಯವಲ್ಲ. ಬದುಕಿಗೆ ಬಂದರೆ ರೋಜಾ ಹಿಡಿಯದವರೂ ಇದ್ದಾರೆ. ಟರ್ಕಿಯ ಅಲೆವಿ ಎಂಬ ಪಂಗಡದವರಲ್ಲಿ ಹೆಚ್ಚಿನವರು ರಂಜಾನಿಗಿಂತ ಮೊಹರಂ ತಿಂಗಳ ಉಪವಾಸಕ್ಕೆ ಮಹತ್ವ ಕೊಡುತ್ತಾರೆ.

ಇದನ್ನು ಕಲಿತ ಮೇಲೆ ಕೆಲವರು ಪ್ರತಿ ವಾಕ್ಯಕ್ಕೂ ‘ಕೆಲವರು’ ಸೇರಿಸತೊಡಗುತ್ತಾರೆ. ಅದೂ ಸೋಮಾರಿತನವೇ. “ಕೆಲವು ಮುಸ್ಲಿಮರು ದೇವರು ಒಬ್ಬನೇ ಎನ್ನುತ್ತಾರೆ” ಎಂದರೆ ಅದು ತಪ್ಪು. ಯಾವುದು ಎಲ್ಲರಿಗೂ ಸೇರಿದ್ದು, ಯಾವುದು ಒಂದು ಗುಂಪಿನದು ಅಂತ ತಿಳಿದುಕೊಂಡೇ ಬರೆಯಬೇಕು.

‘ಫತ್ವಾ’ ಪದಕ್ಕೆ ಬಹಳ ಹೊತ್ತು ಹಿಡಿಯಿತು. 1989ರಲ್ಲಿ ಇರಾನಿನ ಸರ್ವೋಚ್ಚ ನಾಯಕ ಖೊಮೇನಿ ಒಬ್ಬ ಲೇಖಕನನ್ನು ಕೊಲ್ಲಬೇಕೆಂದು ಕೊಟ್ಟ ಫತ್ವಾದಿಂದ ಈ ಪದ ಜಗತ್ತಿನ ಸುದ್ದಿಗೆ ಬಂತು. ಅಂದಿನಿಂದ ಹೊರಗಿನವರ ಬಾಯಲ್ಲಿ ಅದಕ್ಕೆ ‘ಮರಣದಂಡನೆ’ ಎಂಬ ಅರ್ಥ ಅಂಟಿಕೊಂಡಿತು. ಹೀಗೆ ಸುದ್ದಿಯಿಂದ ಬಂದ ಪದವನ್ನು ಪರೀಕ್ಷಿಸಲು ನಾನು ಮೂರು ಪ್ರಶ್ನೆ ಕೇಳಿಸುತ್ತೇನೆ. ಒಳಗಿನವರು ಈ ಪದವನ್ನು ದಿನನಿತ್ಯ ಯಾವಾಗ ಬಳಸುತ್ತಾರೆ? ಯಾರು ಯಾರಿಗೆ ಕೊಡುತ್ತಾರೆ? ಅದಲ್ಲದ್ದಕ್ಕೆ ಅವರ ಬಳಿ ಬೇರೆ ಯಾವ ಪದ ಇದೆ?

ಮೂರನೆಯ ಪ್ರಶ್ನೆಯಲ್ಲೇ ಗಂಟು ಬಿಚ್ಚಿತು. ಫತ್ವಾ ಕೊಡುವವನು ಮುಫ್ತಿ. ತೀರ್ಪು ಕೊಡುವವನು ಖಾಜಿ. ಖಾಜಿಯ ತೀರ್ಪು ಇಬ್ಬರ ವ್ಯಾಜ್ಯ ಮುಗಿಸುತ್ತದೆ, ಅದನ್ನು ಪಾಲಿಸಲೇಬೇಕು. ಫತ್ವಾ ಹಾಗಲ್ಲ. ಯಾರೋ ಒಬ್ಬರು “ತಂದೆ ತೀರಿಕೊಂಡರು, ಆಸ್ತಿಯಲ್ಲಿ ತಂಗಿಗೆ ಎಷ್ಟು ಪಾಲು?” ಎಂದು ಕೇಳುತ್ತಾರೆ, ಮುಫ್ತಿ ತನ್ನ ಅಭಿಪ್ರಾಯ ಹೇಳುತ್ತಾನೆ. ಈಜಿಪ್ಟಿನಲ್ಲಿ ಇದಕ್ಕೆಂದೇ 1895ರಿಂದ ದಾರ್ ಅಲ್-ಇಫ್ತಾ ಎಂಬ ಸಂಸ್ಥೆ ಇದೆ. ಸುನ್ನಿಗಳಲ್ಲಿ ಸಾಮಾನ್ಯವಾಗಿ ಒಬ್ಬ ಮುಫ್ತಿಯ ಮಾತು ಒಪ್ಪಿಗೆಯಾಗದಿದ್ದರೆ ಇನ್ನೊಬ್ಬರನ್ನು ಕೇಳಬಹುದು. ಶಿಯಾಗಳಲ್ಲಿ ತಾನು ಆರಿಸಿಕೊಂಡ ಹಿರಿಯ ವಿದ್ವಾಂಸರ ಮಾತಿಗೆ ಇದಕ್ಕಿಂತ ಹೆಚ್ಚು ಬಿಗಿ. ಹಾಗಾದರೆ 1989ರದ್ದು ಫತ್ವಾ ಅಲ್ವೇ ಎಂದು ಅವಳು ಕೇಳಿದಳು. ಅದೂ ಫತ್ವಾನೇ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಒಂದರಿಂದ ಪದದ ಅರ್ಥ ಕಟ್ಟಬಾರದು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಎಷ್ಟೋ ವರ್ಷ ನಾನು ತರಗತಿಯಲ್ಲಿ “ಜಿಹಾದ್ ಅಂದರೆ ಯುದ್ಧ ಅಲ್ಲವೇ ಅಲ್ಲ, ಮನಸ್ಸಿನ ಜೊತೆಗಿನ ಹೋರಾಟ ಅಷ್ಟೇ” ಎಂದು ಹೇಳುತ್ತಿದ್ದೆ. ಒಳ್ಳೆಯ ಉದ್ದೇಶದಿಂದಲೇ ಹೇಳುತ್ತಿದ್ದೆ. ಒಂದು ದಿನ ತರಗತಿ ಮುಗಿದ ಮೇಲೆ ಒಬ್ಬ ಮುಸ್ಲಿಂ ವಿದ್ಯಾರ್ಥಿ ಬಂದು, “ಮೇಡಂ, ನಮ್ಮ ಫಿಕ್ಹ್ ಪುಸ್ತಕಗಳಲ್ಲಿ ಜಿಹಾದ್ ಅಧ್ಯಾಯ ಇರುವುದು ಯುದ್ಧದ ನಿಯಮಗಳ ಬಗ್ಗೆ. ಅದನ್ನು ಇಲ್ಲ ಅಂದರೆ ನಮ್ಮನ್ನು ಓದಿದ ಹಾಗಾಗುವುದಿಲ್ಲ” ಎಂದ. ಅವನು ಹೇಳಿದ್ದು ಸರಿ. ಪದದ ಮೂಲ ಅರ್ಥ ‘ಶ್ರಮಿಸು’ ಎಂದು. ಫಿಕ್ಹ್ ಅಂದರೆ ಧರ್ಮದ ನ್ಯಾಯಶಾಸ್ತ್ರ, ಆ ಪುಸ್ತಕಗಳಲ್ಲಿ ಜಿಹಾದ್ ಮುಖ್ಯವಾಗಿ ಯುದ್ಧ, ಯಾರನ್ನು ಮುಟ್ಟಬಾರದು ಎಂಬ ಕಟ್ಟುಗಳ ಜೊತೆ. ಸೂಫಿಗಳು ಒಳಗಿನ ಹೋರಾಟವನ್ನು ಒತ್ತಿ ಹೇಳಿದರು. ಒಳಗಿನ ಹೋರಾಟವೇ ‘ದೊಡ್ಡ ಜಿಹಾದ್’ ಎನ್ನುವ ಹದೀಸನ್ನು, ಅಂದರೆ ಪ್ರವಾದಿಯ ಮಾತೆಂದು ಹೇಳಿ ಬಂದ ವರದಿಯನ್ನು, ಅದಕ್ಕೆ ಆಧಾರವಾಗಿ ಕೊಡುತ್ತಾರೆ, ಅದನ್ನು ಅನೇಕ ಹದೀಸ್ ವಿದ್ವಾಂಸರು ದುರ್ಬಲ ಎನ್ನುತ್ತಾರೆ. ನಾನು ಒಂದು ಅಚ್ಚು ಒಡೆಯಲು ಹೋಗಿ ಇನ್ನೊಂದು ಅಚ್ಚು ಕೊಟ್ಟಿದ್ದೆ. ಆ ಹುಡುಗನಿಗೆ ನಾನು ಇವತ್ತಿಗೂ ಋಣಿ.

ಅಂದಿನಿಂದ ಪ್ರಬಂಧವನ್ನು ಆ ಧರ್ಮದವರೊಬ್ಬರಿಗೆ ಓದಿಸಿ ತರಲು ಹೇಳುತ್ತೇನೆ. ಇದಕ್ಕೂ ಮಿತಿ ಇದೆ. ಒಬ್ಬರು “ದರ್ಗಾಕ್ಕೆ ಹೋಗುವುದು ಇಸ್ಲಾಂ ಅಲ್ಲ, ಆ ಸಾಲು ತೆಗಿ” ಎಂದರಂತೆ. ವಿದ್ಯಾರ್ಥಿ ತೆಗೆದುಬಿಟ್ಟಿದ್ದ. ದರ್ಗಾಕ್ಕೆ ಹೋಗುವ ಲಕ್ಷಾಂತರ ಜನ ತಾವು ಮುಸ್ಲಿಮರೆಂದೇ ಹೋಗುತ್ತಾರೆ. ಅಲ್ಲಿ ಬರೆಯಬೇಕಾದದ್ದು ಎರಡನ್ನೂ: ಹೋಗುವವರಿದ್ದಾರೆ, ಅದು ಸರಿಯಲ್ಲ ಎನ್ನುವವರೂ ಇದ್ದಾರೆ.

‘ನಂಬುತ್ತಾರೆ’ ಎಂಬ ಪದದ ಬಗ್ಗೆಯೂ ಒಂದು ಮಾತು. “ಕುರಾನ್ ದೇವರಿಂದ ಬಂದದ್ದು” ಎಂದು ಪ್ರಬಂಧದಲ್ಲಿ ಬರೆದರೆ ಅದು ಲೇಖಕರ ನಂಬಿಕೆಯ ಮಾತಾಗುತ್ತದೆ, ಅಲ್ಲಿ ‘ಎಂದು ಮುಸ್ಲಿಮರು ನಂಬುತ್ತಾರೆ’ ಬೇಕು. ಆದರೆ “ಮುಹಮ್ಮದ್ 622ರಲ್ಲಿ ಮದೀನಾಕ್ಕೆ ಹೋದರು ಎಂದು ನಂಬುತ್ತಾರೆ” ಎಂದು ಬರೆದರೆ ಇತಿಹಾಸವನ್ನೇ ಅನುಮಾನಿಸಿದ ಹಾಗೆ. ಬೇರೆ ಧರ್ಮದ ಇತಿಹಾಸಕ್ಕೆಲ್ಲ ‘ನಂಬುತ್ತಾರೆ’, ತಮ್ಮದಕ್ಕೆ ಮಾತ್ರ ನೇರ ಮಾತು ಬಳಸುವವರನ್ನು ನೋಡಿದ್ದೇನೆ. ಅದನ್ನು ನಾನು ಬಿಡುವುದಿಲ್ಲ.

ಎರಡು ವಾರ ಕಳೆದು ಅವಳು ಪ್ಯಾರಾ ಮತ್ತೆ ಬರೆದು ತಂದಳು:

“ಮುಸ್ಲಿಮರಿಗೆ ದಿನಕ್ಕೆ ಐದು ಹೊತ್ತಿನ ನಮಾಜು ಕಡ್ಡಾಯವೆಂದು ಸುನ್ನಿ, ಶಿಯಾ ವಿದ್ವಾಂಸರು ಹೇಳುತ್ತಾರೆ. ನಮಾಜು ಮಾಡುವಾಗ ಮಕ್ಕಾದ ಕಾಬಾದ ಕಡೆ ಮುಖ ಮಾಡುತ್ತಾರೆ, ಆರಾಧನೆ ದೇವರಿಗೆ. ಗುಂಪಾಗಿ ನಮಾಜು ಮಾಡುವಾಗ ಮುಂದೆ ನಿಲ್ಲುವವರನ್ನು ಇಮಾಮ್ ಎನ್ನುತ್ತಾರೆ. ರಂಜಾನಿನಲ್ಲಿ ಆರೋಗ್ಯವಂತ ದೊಡ್ಡವರು ಹಗಲು ಅನ್ನ ನೀರು ಬಿಡಬೇಕು ಎಂಬುದು ನಿಯಮ. ಕಾಯಿಲೆಯವರಿಗೆ, ಪ್ರಯಾಣಿಕರಿಗೆ ಬಿಡುವಿದೆ. ಧಾರ್ಮಿಕ ಪ್ರಶ್ನೆ ಬಂದಾಗ ಮುಫ್ತಿಯನ್ನು ಕೇಳಬಹುದು, ಅವರ ಉತ್ತರವೇ ಫತ್ವಾ.”

ಕೊನೆಯ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅವಳೇ ಬರೆದಿದ್ದಳು: “ಶಿಯಾಗಳಲ್ಲಿ ಇದನ್ನು ಯಾರನ್ನು ಕೇಳುತ್ತಾರೆ? ಓದಬೇಕು.”