ಸ್ಕ್ವಾಡ್ರನ್ ಲೀಡರ್ ಅಂದರೆ ಯಾರು? ವಾಯುಪಡೆಯ ತುಕಡಿ, ಪದವಿಗಳನ್ನು ಓದುವ ಬಗೆ

1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಹೊರಟದ್ದು ವಾಯುಪಡೆಯ ನಂಬರ್ 1 ಸ್ಕ್ವಾಡ್ರನ್. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅಂದು ಮೀಸಲು ಪೈಲಟ್. ಹೊರಡಬೇಕಿದ್ದ ಒಂದು ವಿಮಾನ ಹಿಂದೆ ಉಳಿದಿದ್ದರಿಂದ ಅವರು ಹೋದರು. ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಎದುರು ಕಾದಾಡಿ ಅದನ್ನು ಬೀಳಿಸಿ, ತಾವೂ ಪ್ರಾಣ ಕೊಟ್ಟರು. ಮಹಾವೀರ ಚಕ್ರ ಬಂದದ್ದು 23 ವರ್ಷ ತಡವಾಗಿ, 1988ರಲ್ಲಿ.

ಈ ಸಾಲುಗಳನ್ನು ಇನ್ನೊಮ್ಮೆ ಓದಿ. ಸ್ಕ್ವಾಡ್ರನ್ ನಡೆಸಿದ್ದು ವಿಂಗ್ ಕಮಾಂಡರ್. ಸ್ಕ್ವಾಡ್ರನ್ ಲೀಡರ್ ಆಗಿದ್ದವರು ಅದರೊಳಗಿನ ಒಬ್ಬ ಪೈಲಟ್. ಹಾಗಾದರೆ ವಿಂಗ್ ನಡೆಸುವವರು ಯಾರು? ಇಂಥ ಸುದ್ದಿಯನ್ನು ತಪ್ಪಿಲ್ಲದೆ ಓದಲು ಒಂದು ಕ್ರಮ ಇದೆ. ನಂಬರ್ 1 ಸ್ಕ್ವಾಡ್ರನ್ನನ್ನೇ ಹಿಡಿದುಕೊಂಡು ನೋಡೋಣ.

ಹೆಜ್ಜೆ 1: ಮೊದಲು ಸ್ಕ್ವಾಡ್ರನ್ನಿನ ನಂಬರ್ ಹುಡುಕಿ

ವಾಯುಪಡೆಯಲ್ಲಿ ಎಲ್ಲದಕ್ಕೂ ಅಳತೆ ಸ್ಕ್ವಾಡ್ರನ್. ಯುದ್ಧವಿಮಾನಗಳ ಒಂದು ಸ್ಕ್ವಾಡ್ರನ್ ಅಂದರೆ ನಮ್ಮಲ್ಲಿ 18 ವಿಮಾನ. ಅದರಲ್ಲಿ 16 ಒಂಟಿ ಸೀಟಿನವು, 2 ತರಬೇತಿಗೆ ಬಳಸುವ ಜೋಡಿ ಸೀಟಿನವು. ವಾಯುಪಡೆಗೆ 42 ಸ್ಕ್ವಾಡ್ರನ್ ಬೇಕು ಎಂದು ಪತ್ರಿಕೆಗಳಲ್ಲಿ ಬರುತ್ತಲ್ಲ, ಆ ಲೆಕ್ಕ ಇದೇ.

ನಂಬರ್ ಅಂಟಿಕೊಂಡಿರುವುದು ತುಕಡಿಗೆ. ಊರಿಗೂ ಅಲ್ಲ, ವಿಮಾನಕ್ಕೂ ಅಲ್ಲ. ನಂಬರ್ 1 ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಹುಟ್ಟಿದಾಗ ಇದ್ದದ್ದು ನಾಲ್ಕು ವಾಪಿಟಿ ವಿಮಾನ. 1965ರಲ್ಲಿ ಆದಂಪುರದಲ್ಲಿ ಮಿಸ್ಟೇರ್. ಆಮೇಲೆ ಗ್ವಾಲಿಯರ್‌ನಲ್ಲಿ ಮಿರಾಜ್ 2000. ತೇಜಸ್‌ನ ಮೊದಲ ಸ್ಕ್ವಾಡ್ರನ್ ಆದ ನಂಬರ್ 45 ಕೂಡ 2016ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 2018ರಲ್ಲಿ ತಮಿಳುನಾಡಿನ ಸೂಲೂರಿಗೆ ಹೋಯಿತು. ಹಾಗಾಗಿ ಹಳೆಯ ಸುದ್ದಿ ಓದುವಾಗ ನಂಬರ್ ಜೊತೆಗೆ ಇಸವಿಯನ್ನೂ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಊರು, ವಿಮಾನ ಎರಡೂ ತಪ್ಪುತ್ತವೆ.

ಹೆಜ್ಜೆ 2: ಅದರೊಳಗೆ ಫ್ಲೈಟ್, ಮೇಲೆ ವಿಂಗ್ ಮತ್ತು ಕಮಾಂಡ್

ಸ್ಕ್ವಾಡ್ರನ್ನಿನ ಒಳಗೆ ಫ್ಲೈಟ್‌ಗಳು. 1933ರ ಆ ನಾಲ್ಕು ವಾಪಿಟಿಗಳೇ ನಂಬರ್ 1ರ ‘ಎ’ ಫ್ಲೈಟ್. ‘ಬಿ’ ಸೇರಿದ್ದು 1936ರಲ್ಲಿ, ‘ಸಿ’ 1938ರಲ್ಲಿ. ಸ್ಕ್ವಾಡ್ರನ್ ಪೂರ್ತಿಯಾಗಲು ಐದು ವರ್ಷವೇ ಹಿಡಿಯಿತು. ಈಗ ಫ್ಲೈಟ್ ಕಮಾಂಡರ್ ಎಂದರೆ ಕಮಾಂಡಿಂಗ್ ಆಫೀಸರ್ ನಂತರದ ಮುಖ್ಯ ವ್ಯಕ್ತಿ. ಇವತ್ತು ಯಾರು ಹಾರಬೇಕು, ಯಾವ ಹೊಸಬರಿಗೆ ಯಾವ ಅಭ್ಯಾಸ ಬಾಕಿ ಇದೆ ಎಂದು ನೋಡಿಕೊಳ್ಳುವವರು ಇವರೇ. ಹೆಲಿಕಾಪ್ಟರ್‌ಗಳ ಸಣ್ಣ ತಂಡ ತಾನೇ ಪ್ರತ್ಯೇಕವಾಗಿ ಒಂದು ಫ್ಲೈಟ್ ಆಗಿರುವುದೂ ಉಂಟು.

ಸ್ಕ್ವಾಡ್ರನ್ನಿನ ಮೇಲೆ ವಿಂಗ್. ನಮ್ಮಲ್ಲಿ ವಿಂಗ್ ಎಂದರೆ ಹೆಚ್ಚುಕಮ್ಮಿ ಒಂದು ವಾಯುನೆಲೆ. ರನ್‌ವೇ, ಇಂಧನ, ಕಾವಲು, ದುರಸ್ತಿ, ಮೆಸ್, ಆಸ್ಪತ್ರೆ ಎಲ್ಲ ಅದರ ಜವಾಬ್ದಾರಿ. ಸ್ಕ್ವಾಡ್ರನ್‌ಗಳು ಅಲ್ಲಿಂದ ಹಾರುತ್ತವೆ. ಆದಂಪುರ 8ನೇ ವಿಂಗ್, ಗ್ವಾಲಿಯರ್ 40ನೇ ವಿಂಗ್. ದೊಡ್ಡ ನೆಲೆಗೆ ಏರ್ ಕಮೊಡೋರ್ ಮುಖ್ಯಸ್ಥರು, ಸಣ್ಣದಕ್ಕೆ ಗ್ರೂಪ್ ಕ್ಯಾಪ್ಟನ್.

ವಿಂಗ್‌ಗಳೆಲ್ಲ ಕಮಾಂಡ್‌ಗೆ ಸೇರುತ್ತವೆ. ಕಮಾಂಡ್‌ನ ಮುಖ್ಯಸ್ಥರು ಏರ್ ಮಾರ್ಷಲ್. ಒಟ್ಟು ಏಳು ಕಮಾಂಡ್‌ಗಳಿವೆ. ಪಶ್ಚಿಮ, ನೈಋತ್ಯ, ಮಧ್ಯ, ಪೂರ್ವ, ದಕ್ಷಿಣ ಎಂಬ ಐದು ಪ್ರದೇಶ ನೋಡಿ ಮಾಡಿದವು. ಉಳಿದೆರಡು ಕೆಲಸ ನೋಡಿ ಮಾಡಿದವು: ನಾಗಪುರದಲ್ಲಿ ದುರಸ್ತಿ–ಸರಬರಾಜಿನ ಮೆಂಟೆನೆನ್ಸ್ ಕಮಾಂಡ್, ಬೆಂಗಳೂರಿನಲ್ಲಿ ಟ್ರೈನಿಂಗ್ ಕಮಾಂಡ್. ಓದುಗರು ಎಡವುವುದು ಇಲ್ಲೇ. ಬೀದರ್ ವಾಯುನೆಲೆ ದಕ್ಷಿಣದಲ್ಲಿದೆ, ಆದ್ದರಿಂದ ತಿರುವನಂತಪುರದ ದಕ್ಷಿಣ ಕಮಾಂಡ್‌ಗೆ ಸೇರಿದ್ದು ಅನಿಸುತ್ತದೆ, ಅಲ್ವಾ? ಆದರೆ ಅಲ್ಲಿ ನಡೆಯುವುದು ಹಾಕ್ ವಿಮಾನದಲ್ಲಿ ಪೈಲಟ್‌ಗಳ ತರಬೇತಿ. ಹಾಗಾಗಿ ಅದು ಟ್ರೈನಿಂಗ್ ಕಮಾಂಡ್‌ನ ನೆಲೆ.

ಹೆಜ್ಜೆ 3: ಪದವಿಯನ್ನೂ ಹುದ್ದೆಯನ್ನೂ ಬೇರೆ ಮಾಡಿ

ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು. ‘ಸ್ಕ್ವಾಡ್ರನ್ ಲೀಡರ್’ ಎನ್ನುವುದು ಪದವಿ, ಅಂದರೆ ರ‍್ಯಾಂಕ್. ‘ಕಮಾಂಡಿಂಗ್ ಆಫೀಸರ್’ ಎನ್ನುವುದು ಹುದ್ದೆ. ಒಂದು ಕಾಲದಲ್ಲಿ ಇವೆರಡೂ ಒಟ್ಟಿಗೇ ಇದ್ದವು. 1944ರ ಇಂಫಾಲ್ ಸಮರದಲ್ಲಿ ಇದೇ ನಂಬರ್ 1 ಸ್ಕ್ವಾಡ್ರನ್ನನ್ನು ನಡೆಸಿದವರು ಸ್ಕ್ವಾಡ್ರನ್ ಲೀಡರ್ ಅರ್ಜನ್ ಸಿಂಗ್. ಪದವಿಯ ಹೆಸರಿಗೆ ತಕ್ಕ ಕೆಲಸ. 1965ಕ್ಕೆ ಆ ಕುರ್ಚಿಯಲ್ಲಿ ಇದ್ದವರು ವಿಂಗ್ ಕಮಾಂಡರ್. ಈಗ ಯುದ್ಧವಿಮಾನಗಳ ಸ್ಕ್ವಾಡ್ರನ್‌ಗಳಿಗೆ ಸಾಮಾನ್ಯವಾಗಿ ಗ್ರೂಪ್ ಕ್ಯಾಪ್ಟನ್ ಮುಖ್ಯಸ್ಥರು. ಕೆಲಸ ಅದೇ ಉಳಿಯಿತು, ಅದಕ್ಕೆ ಬೇಕಾದ ಪದವಿ ಎರಡು ಮೆಟ್ಟಿಲು ಮೇಲೆ ಹೋಯಿತು.

ಯಾಕೆ ಹೀಗಾಯಿತು? ವಿಮಾನಗಳು ದುಬಾರಿಯಾದವು, ಜಟಿಲವಾದವು. ಅವುಗಳ ಹೊಣೆ ಹೊರಲು ಜಾಸ್ತಿ ಅನುಭವ ಬೇಕಾಯಿತು. ಇನ್ನೊಂದು ಕಾರಣ ಬಡ್ತಿಯ ನಿಯಮ. ಈಗ 2 ವರ್ಷಕ್ಕೆ ಫ್ಲೈಟ್ ಲೆಫ್ಟಿನೆಂಟ್, 6 ವರ್ಷಕ್ಕೆ ಸ್ಕ್ವಾಡ್ರನ್ ಲೀಡರ್, 13 ವರ್ಷಕ್ಕೆ ವಿಂಗ್ ಕಮಾಂಡರ್. ಬೇಕಾದ ಅರ್ಹತೆ ಇದ್ದರೆ ಇಲ್ಲಿಯವರೆಗಿನ ಬಡ್ತಿ ಸೇವಾವಧಿಯ ಮೇಲೆ ಬರುತ್ತದೆ. ಆಯ್ಕೆ ಸಮಿತಿಯ ಜರಡಿ ಇರುವುದು ಅದರಿಂದ ಮೇಲೆ. ಹಾಗಾಗಿ ಒಂದೇ ಸ್ಕ್ವಾಡ್ರನ್ನಿನಲ್ಲಿ ಹಲವು ಸ್ಕ್ವಾಡ್ರನ್ ಲೀಡರ್‌ಗಳು ಇರುವುದು ಸಹಜ. 2019ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಸೆರೆಯಲ್ಲಿದ್ದು ಬಂದ ಅಭಿನಂದನ್ ವರ್ಧಮಾನ್ ಆಗ ವಿಂಗ್ ಕಮಾಂಡರ್. ಆದರೆ ಅವರು ಯಾವ ವಿಂಗನ್ನೂ ನಡೆಸುತ್ತಿರಲಿಲ್ಲ. ನಂಬರ್ 51 ಸ್ಕ್ವಾಡ್ರನ್ನಿನ ಮಿಗ್-21 ಪೈಲಟ್ ಆಗಿದ್ದರು.

ಇನ್ನೊಂದು ತಪ್ಪು, ಈ ಪದವಿ ಇದ್ದವರೆಲ್ಲ ಪೈಲಟ್ ಅಂದುಕೊಳ್ಳುವುದು. ವಾಯುಪಡೆಯ ಎಂಜಿನಿಯರ್, ವೈದ್ಯರು, ಲೆಕ್ಕಪತ್ರ ನೋಡುವವರು, ಹವಾಮಾನ ಅಧಿಕಾರಿ ಕೂಡ ಸ್ಕ್ವಾಡ್ರನ್ ಲೀಡರ್ ಆಗಿರಬಹುದು. ಗುರುತಿಸಲು ಫೋಟೋದಲ್ಲಿ ಎಡ ಎದೆಯ ಜೇಬಿನ ಮೇಲ್ಭಾಗ ನೋಡಿ. ಪೈಲಟ್ ಆದವರಿಗೆ ಅಲ್ಲಿ ಎರಡು ರೆಕ್ಕೆಗಳ ಬ್ಯಾಡ್ಜ್ ಇರುತ್ತದೆ.

ಹೆಜ್ಜೆ 4: ಭೂಸೇನೆಯ ಪದವಿಗೆ ಹೊಂದಿಸಿ

ಬ್ರಿಟನ್‌ನಲ್ಲಿ 1918ರಲ್ಲಿ ಸೇನೆಯ ವಿಮಾನದಳ ಮತ್ತು ನೌಕಾಪಡೆಯ ವಿಮಾನದಳ ಸೇರಿ ರಾಯಲ್ ಏರ್ ಫೋರ್ಸ್ ಆಯಿತು. ಮೊದಲು ಸೇನೆಯ ಪದವಿಗಳನ್ನೇ ಬಳಸಿದರು. 1919ರ ಆಗಸ್ಟ್‌ನಲ್ಲಿ ಈಗಿನ ಹೆಸರುಗಳು ಬಂದವು. ಅವುಗಳಲ್ಲಿ ನೌಕಾಪಡೆಯ ಛಾಯೆ ಜಾಸ್ತಿ. ಹೆಗಲ ಮೇಲಿನ ಪಟ್ಟಿಗಳೂ ಅಲ್ಲಿಂದಲೇ ಬಂದವು. ನಮ್ಮ ವಾಯುಪಡೆಯೂ ಪಾಕಿಸ್ತಾನದ್ದೂ ಇದೇ ಹೆಸರುಗಳನ್ನು ಉಳಿಸಿಕೊಂಡಿವೆ. ಅಮೆರಿಕದ್ದು ಬೇರೆ. ಅಲ್ಲಿ ವಾಯುಪಡೆ 1947ರವರೆಗೆ ಸೇನೆಯ ಭಾಗವೇ ಆಗಿತ್ತು. ಆದ್ದರಿಂದ ಅಲ್ಲಿನ ಪೈಲಟ್‌ಗಳು ಇವತ್ತಿಗೂ ಕ್ಯಾಪ್ಟನ್, ಮೇಜರ್, ಕರ್ನಲ್.

ಭೂಸೇನೆಯಲ್ಲಿ ಹೆಗಲ ಮೇಲೆ ನಕ್ಷತ್ರ ಮತ್ತು ಸಿಂಹಲಾಂಛನ, ವಾಯುಪಡೆಯಲ್ಲಿ ಪಟ್ಟಿ. ಸುಮ್ನೆ ಎಣಿಸಿ ಹೋಲಿಸಿದರೆ ಕೆಡುತ್ತದೆ. ಮೂರು ನಕ್ಷತ್ರದವರು ಸೇನೆಯ ಕ್ಯಾಪ್ಟನ್. ಮೂರು ಪಟ್ಟಿಯವರು ವಿಂಗ್ ಕಮಾಂಡರ್, ಅಂದರೆ ಲೆಫ್ಟಿನೆಂಟ್ ಕರ್ನಲ್‌ಗೆ ಸಮ. ನಡುವೆ ಎರಡು ಮೆಟ್ಟಿಲಿನ ಅಂತರ. ಹೀಗೆ ಹೊಂದಿಸಿಕೊಳ್ಳಿ: ಒಂದು ಪಟ್ಟಿಯ ಫ್ಲೈಯಿಂಗ್ ಆಫೀಸರ್ ಸೇನೆಯ ಲೆಫ್ಟಿನೆಂಟ್‌ಗೆ ಸಮ. ಎರಡು ಪಟ್ಟಿಯ ಫ್ಲೈಟ್ ಲೆಫ್ಟಿನೆಂಟ್ ಕ್ಯಾಪ್ಟನ್‌ಗೆ ಸಮ. ಆ ಎರಡರ ನಡುವೆ ಒಂದು ತೆಳು ಪಟ್ಟಿ ಸೇರಿದರೆ ಸ್ಕ್ವಾಡ್ರನ್ ಲೀಡರ್, ಅಂದರೆ ಮೇಜರ್. ನಾಲ್ಕು ಪಟ್ಟಿಯ ಗ್ರೂಪ್ ಕ್ಯಾಪ್ಟನ್ ಎಂದರೆ ಕರ್ನಲ್. ಅಲ್ಲಿಂದ ಮುಂದೆ ಒಂದು ಅಗಲ ಪಟ್ಟಿ ಬರುತ್ತದೆ. ಅದೊಂದೇ ಇದ್ದರೆ ಏರ್ ಕಮೊಡೋರ್, ಅಂದರೆ ಬ್ರಿಗೇಡಿಯರ್.

ಗ್ರೂಪ್ ಕ್ಯಾಪ್ಟನ್‌ರನ್ನು ಚಿಕ್ಕದಾಗಿ ‘ಕ್ಯಾಪ್ಟನ್’ ಎಂದು ಬರೆಯಲೇಬಾರದು. 2025ರಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಹೋಗಿ ಬಂದ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರನ್ನು ಕ್ಯಾಪ್ಟನ್ ಶುಕ್ಲಾ ಎಂದರೆ, ಸೇನೆಯ ಲೆಕ್ಕದಲ್ಲಿ ಮೂರು ಮೆಟ್ಟಿಲು ಕೆಳಗೆ ಇಳಿಸಿದಂತೆ.

ಪದವಿ ಸಮ ಆದರೂ ಕೈಕೆಳಗಿನ ಜನ ಸಮ ಅಲ್ಲ. ಸೇನೆಯಲ್ಲಿ ಕರ್ನಲ್ ನಡೆಸುವ ಬೆಟಾಲಿಯನ್‌ನಲ್ಲಿ ಸುಮಾರು 800 ಜನ. ಅಧಿಕಾರಿಗಳು ಇಪ್ಪತ್ತರ ಆಸುಪಾಸು. ಅಲ್ಲಿ ಕಾದಾಡುವವರಲ್ಲಿ ಬಹುಪಾಲು ಜವಾನರು. ವಾಯುಪಡೆಯ ಸ್ಕ್ವಾಡ್ರನ್ನಿನಲ್ಲಿ ಅದು ತಿರುಗುಮುರುಗು. ಯುದ್ಧವಿಮಾನ ಏರಿ ಹೋಗುವವರೆಲ್ಲ ಅಧಿಕಾರಿಗಳು. ಆ ವಿಮಾನವನ್ನು ಹಾರಾಟಕ್ಕೆ ಸಿದ್ಧಮಾಡಿ ಕಳಿಸುವವರು ನೆಲದ ಮೇಲಿನ ಏರ್‌ಮನ್‌ಗಳು. ಅವರ ಪದವಿಗಳೂ ಬೇರೆ: ಕಾರ್ಪೊರಲ್ ಎಂದರೆ ಸೇನೆಯ ನಾಯಕ್, ಸಾರ್ಜೆಂಟ್ ಎಂದರೆ ಹವಾಲ್ದಾರ್, ವಾರಂಟ್ ಆಫೀಸರ್ ಎಂದರೆ ಸುಬೇದಾರ್. ಒಬ್ಬ ಮೇಜರ್ ನೂರಕ್ಕೂ ಹೆಚ್ಚು ಜನರ ಕಂಪನಿ ನಡೆಸುತ್ತಿದ್ದರೆ, ಅವರಿಗೆ ಸಮನಾದ ಸ್ಕ್ವಾಡ್ರನ್ ಲೀಡರ್ ಒಂಟಿ ಸೀಟಿನ ವಿಮಾನದಲ್ಲಿ ಒಬ್ಬರೇ ಕುಳಿತು ಶತ್ರುವನ್ನು ಎದುರಿಸುತ್ತಿರಬಹುದು. ದೇವಯ್ಯನವರು ಮಾಡಿದ್ದು ಅದನ್ನೇ.

ಹೆಜ್ಜೆ 5: ‘ಮಾರ್ಷಲ್’ ಕಂಡಾಗ ನಿಧಾನಿಸಿ

ಈ ಮಾತಿಗೆ ಕೊಡಗಿನ ಇನ್ನೊಂದು ಮನೆಯ ಉದಾಹರಣೆ ಇದೆ. ಜನರಲ್ ಕೆ.ಎಂ. ಕಾರ್ಯಪ್ಪ 1986ರಲ್ಲಿ ಫೀಲ್ಡ್ ಮಾರ್ಷಲ್ ಆದರು. ಸೇನೆಯಲ್ಲಿ ಅದಕ್ಕಿಂತ ದೊಡ್ಡ ಪದವಿ ಇಲ್ಲ. ಅವರ ಮಗ ಕೆ.ಸಿ. ಕಾರ್ಯಪ್ಪ ವಾಯುಪಡೆಯಲ್ಲಿ ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಇಬ್ಬರ ಪದವಿಯಲ್ಲೂ ಮಾರ್ಷಲ್ ಇದೆ, ಆದರೆ ಸಮ ಅಲ್ಲ. ಏರ್ ವೈಸ್ ಮಾರ್ಷಲ್ ಎಂದರೆ ಮೇಜರ್ ಜನರಲ್, ಏರ್ ಮಾರ್ಷಲ್ ಎಂದರೆ ಲೆಫ್ಟಿನೆಂಟ್ ಜನರಲ್, ಏರ್ ಚೀಫ್ ಮಾರ್ಷಲ್ ಎಂದರೆ ಜನರಲ್. ಫೀಲ್ಡ್ ಮಾರ್ಷಲ್‌ಗೆ ಸಮನಾದದ್ದು ‘ಮಾರ್ಷಲ್ ಆಫ್ ದಿ ಇಂಡಿಯನ್ ಏರ್ ಫೋರ್ಸ್’ ಮಾತ್ರ. ಅದು ಸಿಕ್ಕಿದ್ದು ಒಬ್ಬರಿಗೇ. ಇಂಫಾಲ್‌ನ ಅದೇ ಅರ್ಜನ್ ಸಿಂಗ್ ಅವರಿಗೆ, 2002ರಲ್ಲಿ.

1965ರ ಯುದ್ಧದ ಕೊನೆಯಲ್ಲಿ ಮಗ ಕಾರ್ಯಪ್ಪನವರ ಹಂಟರ್ ವಿಮಾನ ಉರುಳಿ, ಅವರು ಪಾಕಿಸ್ತಾನದ ಸೆರೆಯಾದರು. ಅಂದು ಅವರ ಪದವಿ ಫ್ಲೈಟ್ ಲೆಫ್ಟಿನೆಂಟ್. ಹಳೆಯ ವರದಿಯಲ್ಲಿ ‘ಲೆಫ್ಟಿನೆಂಟ್ ಕಾರ್ಯಪ್ಪ’ ಎಂದು ಕಂಡರೆ, ಈಗ ನೀವೇ ಪೆನ್ನಿನಲ್ಲಿ ತಿದ್ದಿಕೊಳ್ಳಬಹುದು: ಸೇನೆಯ ಲೆಕ್ಕದಲ್ಲಿ ಅವರು ಕ್ಯಾಪ್ಟನ್.