ತಲೆಸುತ್ತಿಗೆ ಕತ್ತೇ ಕಾರಣವೇ? ಪತ್ತೆ ಮಾಡುವುದು ಹೀಗೆ

ತಿಪಟೂರಿನ ನಮ್ಮ ಸೋದರಮಾವನಿಗೆ ಅರವತ್ತೆರಡು. ತೆಂಗಿನ ತೋಟದಲ್ಲಿ ಕಾಯಿ ಎಣಿಸಲು ತಲೆ ಎತ್ತಿದರೆ ಸಾಕು, 'ತೋಟಾನೇ ತಿರುಗ್ತದೆ ಕಣಪ್ಪ' ಅನ್ನುತ್ತಿದ್ದರು. ಎಕ್ಸ್‌ರೇಯಲ್ಲಿ ಕತ್ತಿನ ಮೂಳೆ ಸವೆದಿದ್ದು ಕಂಡಿತು. ಸ್ಪಾಂಡಿಲೋಸಿಸ್ ಎಂದು ಮೂರು ತಿಂಗಳು ಕಾಲರ್ ಕಟ್ಟಿಕೊಂಡರು. ಸುತ್ತು ಹೋಗಲಿಲ್ಲ.

ಐವತ್ತು ದಾಟಿದವರ ಎಕ್ಸ್‌ರೇಯಲ್ಲಿ ಇಂಥ ಸವೆತ ಬಹಳ ಸಾಮಾನ್ಯ. ತಲೆಸುತ್ತೇ ಇಲ್ಲದವರಲ್ಲೂ ಕಾಣುತ್ತದೆ. ಹಾಗಾಗಿ ಫಿಲ್ಮ್ ನೋಡುವ ಮೊದಲು ಸುತ್ತು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮಾವನಿಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಾಗಲೂ ಬರುತ್ತಿತ್ತು, ಅರ್ಧ ನಿಮಿಷದಲ್ಲಿ ನಿಲ್ಲುತ್ತಿತ್ತು. ಇದು ಕಿವಿಯ ಲಕ್ಷಣ. ಒಳಗಿವಿಯ ಸುಣ್ಣದ ಸಣ್ಣ ಹರಳುಗಳು ಜಾರಿ, ಸಮತೋಲ ನೋಡಿಕೊಳ್ಳುವ ಕೊಳವೆಗೆ ಸೇರಿದರೆ ಹೀಗಾಗುತ್ತದೆ.

ಮುಂದಿನ ಹೆಜ್ಜೆ, ಕತ್ತನ್ನೂ ಕಿವಿಯನ್ನೂ ಬೇರ್ಪಡಿಸುವುದು. ನೆಟ್ಟಗೆ ಕೂತು, ತಲೆಯನ್ನು ಮೇಲೆತ್ತದೆ ಬಗ್ಗಿಸದೆ, ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ. ಆಮೇಲೆ ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು, ಕತ್ತನ್ನು ಬೆನ್ನಿನ ನೇರಕ್ಕೇ ಹಿಡಿದು ಇಡೀ ಮೈಯನ್ನು ಮಗ್ಗುಲಿಗೆ ಮಲಗಿಸಿ. ಕತ್ತು ತಿರುಗಿಸಿದಾಗ ಏನೂ ಆಗದೆ, ಮಲಗಿದಾಗ ಕೋಣೆ ಗಿರ್ರನೆ ತಿರುಗಿದರೆ ಕತ್ತಿನ ಮೇಲಿನ ಆರೋಪ ಸಡಿಲವಾಯಿತು. ಕೈ ಜೋಮು ಹಿಡಿಯುವವರು, ಕತ್ತಿಗೆ ಪೆಟ್ಟು ಬಿದ್ದವರು ಇದನ್ನು ಮನೆಯಲ್ಲಿ ಮಾಡಬಾರದು.

ಕೂತಲ್ಲಿಂದ ಎದ್ದಾಗ ಮಾತ್ರ ಕಣ್ಣು ಕತ್ತಲೆ ಬಂದರೆ ಬಿಪಿ ನೋಡಿಸಿ: ಐದು ನಿಮಿಷ ಮಲಗಿದ ಮೇಲೊಮ್ಮೆ, ನಿಂತ ಒಂದು ಮತ್ತು ಮೂರನೇ ನಿಮಿಷದಲ್ಲೊಮ್ಮೆ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಕಾರಣ ಅಲ್ಲೇ ಇದ್ದೀತು.

ಹಾಗಾದರೆ ಕತ್ತು ಪೂರ್ತಿ ನಿರ್ದೋಷಿಯೇ? ಅಲ್ಲ. ಕತ್ತಿನ ನೋವು ಜೋರಾದಾಗಲೇ ತೂಗಾಡಿದಂತಾಗಿ, ನೋವು ಇಳಿದಾಗ ಅದೂ ಇಳಿಯುವವರು ಇದ್ದಾರೆ. ಆದರೆ ಉಳಿದ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲಷ್ಟೇ ಕತ್ತಿನ ಹೆಸರು ಹೇಳಬೇಕು. ಸವೆತ ಬೆನ್ನುಹುರಿಯನ್ನೇ ಒತ್ತಿದರೆ ಕೋಣೆ ತಿರುಗುವುದಿಲ್ಲ. ಕಾಲು ಬಿಗಿದು ನಡಿಗೆ ತಪ್ಪುತ್ತದೆ, ಅಂಗಿ ಗುಂಡಿ ಹಾಕಲು ಬೆರಳು ಕೇಳುವುದಿಲ್ಲ. ಅದನ್ನು ತಡ ಮಾಡದೆ ತೋರಿಸಿ. ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ನಿಲ್ಲಲೇ ಆಗದಿದ್ದರೆ ಮೇಲಿನ ಯಾವ ಪರೀಕ್ಷೆಯೂ ಬೇಡ, 108ಕ್ಕೆ ಕರೆ ಮಾಡಿ. ಅದು ಮೆದುಳಿನ ಪಾರ್ಶ್ವವಾಯು ಇರಬಹುದು.

ಮಾವನನ್ನು ತುಮಕೂರಿನ ಕಿವಿ-ಮೂಗು-ಗಂಟಲು ವೈದ್ಯರು ಬಲಕ್ಕೆ ತಲೆ ತಿರುಗಿಸಿ ಹಿಂದಕ್ಕೆ ಮಲಗಿಸಿದರು. ಕೆಲವೇ ಸೆಕೆಂಡಿನಲ್ಲಿ ಕಣ್ಣುಗುಡ್ಡೆ ತಾನಾಗಿ ಕುಣಿಯತೊಡಗಿತು. ಅಲ್ಲೇ ತಲೆಯನ್ನು ಒಂದೊಂದೇ ಭಂಗಿಗೆ ತಿರುಗಿಸಿ, ಹರಳು ಜಾಗಕ್ಕೆ ಮರಳುವಂತೆ ಎಪ್ಲಿ ಚಿಕಿತ್ಸೆ ಮಾಡಿದರು. ವಾರ ಕಳೆದು ಇನ್ನೊಮ್ಮೆ ಮಾಡಿದ ಮೇಲೆ ಸುತ್ತು ನಿಂತಿತು. ಕತ್ತಿನ ಬಿಗಿತವೂ ಅರ್ಧ ಇಳಿಯಿತು, ಏಕೆಂದರೆ ಸುತ್ತು ಬಂದೀತೆಂಬ ಹೆದರಿಕೆಗೆ ಅವರು ಅಷ್ಟು ದಿನವೂ ಕತ್ತನ್ನು ಮರದ ಕೊರಡಿನಂತೆ ಹಿಡಿದಿದ್ದರು. ಹರಳು ಮತ್ತೆ ಜಾರುವುದುಂಟು. ಆಗಲೂ ಇದೇ ಚಿಕಿತ್ಸೆ.