ಬಿದ್ದ ಬೆಲೆ ಮತ್ತೆ ಏರಿದಾಗ: ಒಂದು ಕಟ್ಟಡದ ಮರುಮೌಲ್ಯಮಾಪನದ ಲೆಕ್ಕ

ಆಡಿಟರ್ ಮೇಡಂ ನನ್ನ ಲೆಡ್ಜರ್ ಮೇಲೆ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿದರು. "ಮರುಮೌಲ್ಯಮಾಪನ ಮೀಸಲಿನಲ್ಲಿ 350 ಇತ್ತು. ಇದರಲ್ಲಿ ಈ ಕಟ್ಟಡದ್ದು ಎಷ್ಟು, ಹೇಳಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಎರಡು ಕಟ್ಟಡಗಳ ಮೀಸಲನ್ನೂ ಒಂದೇ ಖಾತೆಯಲ್ಲಿ ಇಟ್ಟಿದ್ದೆ. ಆ ವರ್ಷ ಒಂದು ಕಟ್ಟಡದ ಬೆಲೆ 225 ಇಳಿದಿತ್ತು. ಮೀಸಲಿನಲ್ಲಿ 350 ಇದೆಯಲ್ಲ ಅಂತ ಪೂರ್ತಿ 225ನ್ನೂ ಅದರಲ್ಲೇ ಕಳೆದಿದ್ದೆ. ಲಾಭ-ನಷ್ಟ ಖಾತೆಗೆ ಏನೂ ಹೋಗಿರಲಿಲ್ಲ. ಅದು ತಪ್ಪು. ಅದನ್ನು ಸರಿಪಡಿಸಲು ಹೋದಾಗಲೇ ಈ ಇಡೀ ವಿಷಯ ನನಗೆ ಸರಿಯಾಗಿ ಅರ್ಥವಾಗಿದ್ದು. ಆ ಕಟ್ಟಡದ ಕಥೆಯನ್ನು ಮೊದಲಿನಿಂದ ಮಾರಾಟದವರೆಗೂ ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಚಿಕ್ಕದು ಮಾಡಿದ್ದೇನೆ. ನೆಲದ ಬೆಲೆ ಇದರಲ್ಲಿ ಸೇರಿಲ್ಲ.

ಕಟ್ಟಡದ ಮೂಲ ಬೆಲೆ 1000. ಬಾಳಿಕೆ 20 ವರ್ಷ, ಕೊನೆಗೆ ಉಳಿಯುವ ಬೆಲೆ ಸೊನ್ನೆ. ವರ್ಷಕ್ಕೆ ಸವಕಳಿ 50. ಎರಡು ವರ್ಷ ಕಳೆದಾಗ ಪುಸ್ತಕದಲ್ಲಿ ಉಳಿದದ್ದು 900. ಆಗ ನಾವು ಕಟ್ಟಡಗಳಿಗೆ ಐಎಎಸ್ 16ರ ಮರುಮೌಲ್ಯಮಾಪನ ಮಾದರಿ ಹಿಡಿದೆವು. ಒಂದು ಕಟ್ಟಡವನ್ನಷ್ಟೇ ಆರಿಸಿಕೊಳ್ಳೋ ಹಾಗಿಲ್ಲ, ಆ ವರ್ಗದ ಎಲ್ಲವನ್ನೂ ಮಾಡಬೇಕು. ವ್ಯಾಲ್ಯುಯರ್ ಈ ಕಟ್ಟಡಕ್ಕೆ ಕೊಟ್ಟ ಬೆಲೆ 1080. ಅಂದರೆ 180 ಏರಿಕೆ.

ಎಂಟ್ರಿ ಹೀಗಿತ್ತು: ಸಂಚಿತ ಸವಕಳಿಗೆ 100 ಡೆಬಿಟ್, ಕಟ್ಟಡಕ್ಕೆ 80 ಡೆಬಿಟ್, ಮರುಮೌಲ್ಯಮಾಪನ ಮೀಸಲಿಗೆ 180 ಕ್ರೆಡಿಟ್. ಹಳೆಯ ಸವಕಳಿಯನ್ನು ಅಳಿಸಿ, ಕಟ್ಟಡದ ಖಾತೆಯನ್ನು ನೇರವಾಗಿ 1080ಕ್ಕೆ ತಂದೆವು. ಈ 180 ಲಾಭ-ನಷ್ಟಕ್ಕೆ ಬರುವುದಿಲ್ಲ. ನಾವು ಒಸಿಐ ಅಂತ ಕರೆಯುವ ಇತರ ಸಮಗ್ರ ಆದಾಯದಲ್ಲಿ ತೋರಿಸಿ, ಅಲ್ಲಿಂದ ಮೀಸಲಿಗೆ ಸೇರುತ್ತದೆ.

ಉಳಿದ ಬಾಳಿಕೆ 18 ವರ್ಷ. 1080ನ್ನು 18ರಿಂದ ಭಾಗಿಸಿದರೆ ವರ್ಷಕ್ಕೆ ಸವಕಳಿ 60. ಮೂಲ ಬೆಲೆಯ ಮೇಲಾದರೆ 50 ಇರುತ್ತಿತ್ತು. ಈ ಹೆಚ್ಚುವರಿ 10ನ್ನು ಪ್ರತಿ ವರ್ಷ ಮೀಸಲಿನಿಂದ ರಿಟೇನ್ಡ್ ಅರ್ನಿಂಗ್ಸ್‌ಗೆ ವರ್ಗಾಯಿಸಬಹುದು. ನಾವು ಹಾಗೇ ಮಾಡಿದೆವು. ಇಲ್ಲಿ ತುಂಬಾ ಜನ ಎಡವುತ್ತಾರೆ. ಲಾಭ-ನಷ್ಟದಲ್ಲಿ 50 ಮಾತ್ರ ಹಾಕಿ, ಉಳಿದ 10ನ್ನು ಸೀದಾ ಮೀಸಲಿಗೆ ಡೆಬಿಟ್ ಮಾಡಿಬಿಡುತ್ತಾರೆ. ಹಾಗೆ ಮಾಡೋ ಹಾಗಿಲ್ಲ. ಸವಕಳಿ ಪೂರ್ತಿ 60 ಲಾಭ-ನಷ್ಟದಲ್ಲೇ ಬರಬೇಕು. 10ರ ವರ್ಗಾವಣೆ ಬಂಡವಾಳದ ಒಳಗೇ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ. ಅದು ಈಕ್ವಿಟಿ ಬದಲಾವಣೆಗಳ ಪಟ್ಟಿಯಲ್ಲಿ ಮಾತ್ರ ಕಾಣಬೇಕು.

ಐದನೇ ವರ್ಷದ ಕೊನೆಗೆ ಬರೋಣ. ಮೂರು ವರ್ಷದ ಸವಕಳಿ 180 ಕಳೆದು ಪುಸ್ತಕದ ಬೆಲೆ 900. ಮೀಸಲಿನಿಂದ 30 ಹೊರಗೆ ಹೋಗಿ 150 ಉಳಿದಿತ್ತು. ಹೊಸ ಮೌಲ್ಯಮಾಪನ 675. ಇಳಿಕೆ 225. ನಾನು ತಪ್ಪು ಮಾಡಿದ್ದು ಇಲ್ಲೇ. ಖಾತೆಯಲ್ಲಿದ್ದ 350ರಲ್ಲಿ ಈ ಕಟ್ಟಡದ್ದು 150 ಮಾತ್ರ. ಉಳಿದ 200 ಇನ್ನೊಂದು ಕಟ್ಟಡದ್ದು. ವರ್ಗ ಒಂದೇ ಆದರೂ ಒಂದರ ನಷ್ಟವನ್ನು ಇನ್ನೊಂದರ ಮೀಸಲಿನಿಂದ ತುಂಬಿಸುವಂತಿಲ್ಲ. ಯಾವ ಆಸ್ತಿಯೋ ಅದೇ ಆಸ್ತಿಯ ಮೀಸಲು.

ಸರಿಯಾದ ಎಂಟ್ರಿ: ಸಂಚಿತ ಸವಕಳಿಗೆ 180 ಡೆಬಿಟ್, ಮೀಸಲಿಗೆ 150 ಡೆಬಿಟ್, ಲಾಭ-ನಷ್ಟಕ್ಕೆ 75 ಡೆಬಿಟ್, ಕಟ್ಟಡಕ್ಕೆ 405 ಕ್ರೆಡಿಟ್. ಆ ವರ್ಷದ ಲಾಭ 75 ಕಡಿಮೆಯಾಯಿತು. ಮೇಲಿನವರಿಗೆ ವಿವರಿಸುವುದು ಸುಲಭವಾಗಿರಲಿಲ್ಲ, ಆದರೆ ಲೆಕ್ಕಪತ್ರ ಹೊರಗೆ ಹೋಗುವ ಮೊದಲೇ ಸಿಕ್ಕಿದ್ದು ಪುಣ್ಯ.

ಅವತ್ತೇ ಆಸ್ತಿಗೊಂದು ಸಾಲಿನ ಶೀಟ್ ಮಾಡಿದೆ. ಪ್ರತಿ ಕಟ್ಟಡಕ್ಕೂ ಎರಡು ಬೆಲೆ ಪಕ್ಕಪಕ್ಕದಲ್ಲಿ ಓಡುತ್ತವೆ. ಒಂದು ನಮ್ಮ ಪುಸ್ತಕದ ಬೆಲೆ. ಇನ್ನೊಂದು, ಮರುಮೌಲ್ಯಮಾಪನವೇ ಮಾಡಿಲ್ಲದಿದ್ದರೆ ಮೂಲ ಬೆಲೆಯ ಮೇಲೆ ಎಷ್ಟು ಉಳಿಯುತ್ತಿತ್ತು ಅನ್ನೋದು. ಮರುಮೌಲ್ಯಮಾಪನ ಮಾಡಿದ ಮೇಲೆ ಈ ಎರಡನೇ ಸಾಲು ಯಾಕೆ ಅನ್ನಿಸಬಹುದು. ಅದನ್ನು ಟಿಪ್ಪಣಿಯಲ್ಲಿ ಹೇಗೂ ತೋರಿಸಬೇಕು. ಜೊತೆಗೆ ಎಲ್ಲ ಉತ್ತರವೂ ಅದರಲ್ಲೇ ಇದೆ. ಐದನೇ ವರ್ಷದ ಕೊನೆಗೆ ಮೂಲದ ಸಾಲಿನಲ್ಲಿ 750. ಹೊಸ ಬೆಲೆ 675. ವ್ಯತ್ಯಾಸ 75. ಲಾಭ-ನಷ್ಟಕ್ಕೆ ಹೋದ ನಷ್ಟವೂ ಅಷ್ಟೇ, ಅಲ್ವಾ? ಶೀಟಿನಲ್ಲಿ ನಾನು ಹಾಕಿದ ಸೂತ್ರ ಇಷ್ಟೇ:

```
Reserve     = MAX(0, Value - CostNBV)
LossBalance = MAX(0, CostNBV - Value)
```

`Value` ಅಂದರೆ ವ್ಯಾಲ್ಯುಯರ್ ಕೊಟ್ಟ ಬೆಲೆ, `CostNBV` ಅಂದರೆ ಮೂಲದ ಸಾಲು. ಮೌಲ್ಯಮಾಪನ ಆದ ದಿನ ಮೀಸಲು ಎಷ್ಟಿರಬೇಕು, ಇನ್ನೂ ವಾಪಸ್ ಬರಬೇಕಾದ ನಷ್ಟ ಎಷ್ಟು ಅಂತ ಇವು ಹೇಳುತ್ತವೆ. ನಡುವೆ ಬಾಳಿಕೆಯ ಅಂದಾಜು ಬದಲಾದರೆ ಮೂಲದ ಸಾಲಿನಲ್ಲೂ ಅದೇ ಬಾಳಿಕೆ ಹಾಕಬೇಕು. ಇಲ್ಲದಿದ್ದರೆ ತಾಳೆ ಆಗುವುದಿಲ್ಲ.

ಇದರ ನಿಜವಾದ ಉಪಯೋಗ ಎಂಟನೇ ವರ್ಷದಲ್ಲಿ ಗೊತ್ತಾಯಿತು. 675ಕ್ಕೆ ಉಳಿದ ಬಾಳಿಕೆ 15 ವರ್ಷ, ಹಾಗಾಗಿ ಸವಕಳಿ ವರ್ಷಕ್ಕೆ 45. ಮೂರು ವರ್ಷದಲ್ಲಿ 135 ಹೋಗಿ ಪುಸ್ತಕದಲ್ಲಿ 540 ಉಳಿಯಿತು. ವ್ಯಾಲ್ಯುಯರ್ ಈ ಸಲ 720 ಅಂದರು. ಏರಿಕೆ 180.

ಹಿಂದೆ ಲಾಭ-ನಷ್ಟಕ್ಕೆ ಹಾಕಿದ ನಷ್ಟ ಮೊದಲು ಅಲ್ಲಿಗೇ ವಾಪಸ್ ಬರಬೇಕು, ಮಿಕ್ಕಿದ್ದು ಮೀಸಲಿಗೆ. ನಿಯಮ ಅಷ್ಟೇ. ಹಾಗಾದರೆ 75 ಲಾಭ-ನಷ್ಟಕ್ಕೆ, 105 ಮೀಸಲಿಗೆ ಅಂತ ನಮ್ಮ ಟೀಮಿನ ಹುಡುಗ ಎಂಟ್ರಿ ತಯಾರು ಮಾಡಿ ತಂದ. ಶೀಟ್ ಬೇರೆ ಹೇಳುತ್ತಿತ್ತು. ಮೂಲದ ಸಾಲಿನಲ್ಲಿ 600 ಇತ್ತು. 720ರಲ್ಲಿ 600 ಕಳೆದರೆ ಮೀಸಲು 120 ಇರಬೇಕು. ಹಾಗಾದರೆ ಲಾಭ-ನಷ್ಟಕ್ಕೆ ಬರುವುದು 60.

"15 ಎಲ್ಲಿ ಹೋಯ್ತು ಸರ್?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. 75 ನಷ್ಟ ಬರೆದಿದ್ದರಿಂದ ಸವಕಳಿ 50ರ ಬದಲು 45 ಆಯಿತು. ಅಂದರೆ ಪ್ರತಿ ವರ್ಷ 5 ಸದ್ದಿಲ್ಲದೆ ಲಾಭ-ನಷ್ಟಕ್ಕೆ ವಾಪಸ್ ಬರುತ್ತಲೇ ಇತ್ತು. ಮೂರು ವರ್ಷಕ್ಕೆ 15. ಆಗಲೇ ಬಂದಿರುವ 15ನ್ನು ಮತ್ತೆ ಆದಾಯ ಅಂತ ತೋರಿಸಿದರೆ ಎರಡು ಸಲ ತೋರಿಸಿದಂತೆ.

ಐಎಎಸ್ 16ರ ಆ ಸಾಲಿನಲ್ಲಿ ಸವಕಳಿಯ ಮಾತೇ ಇಲ್ಲ. ಹಿಂದಿನ ಇಳಿಕೆಯನ್ನು ಹಿಂತಿರುಗಿಸುವ ಮಟ್ಟಿಗೆ ಅಂತ ಮಾತ್ರ ಇದೆ. ಹಾಗಾಗಿ 75 ಪೂರ್ತಿ ಹಾಕುವವರೂ ಇದ್ದಾರೆ. ನಾನು 60ರ ಪರ. ಮೂಲ ಬೆಲೆಯಲ್ಲಿಟ್ಟ ಆಸ್ತಿಯ ಇಂಪೇರ್‌ಮೆಂಟ್ ನಷ್ಟ ವಾಪಸ್ ಬರುವಾಗ ಐಎಎಸ್ 36 ಹಾಕುವ ಮಿತಿಯೂ ಇದೇ ತರ್ಕದ್ದು: ನಷ್ಟವೇ ಬರೆಯದಿದ್ದರೆ ಸವಕಳಿ ಕಳೆದು ಎಷ್ಟು ಇರುತ್ತಿತ್ತೋ ಅಲ್ಲಿಯವರೆಗೆ ಮಾತ್ರ. ಆಡಿಟರ್ ಜೊತೆ ಇದನ್ನು ಮೊದಲೇ ಮಾತಾಡಿ, ಬರೆದಿಟ್ಟುಕೊಂಡೆವು. ಎಂಟ್ರಿ: ಸಂಚಿತ ಸವಕಳಿಗೆ 135 ಡೆಬಿಟ್, ಕಟ್ಟಡಕ್ಕೆ 45 ಡೆಬಿಟ್, ಲಾಭ-ನಷ್ಟಕ್ಕೆ 60 ಕ್ರೆಡಿಟ್, ಮೀಸಲಿಗೆ 120 ಕ್ರೆಡಿಟ್.

ಇದು ಸರಿ ಅಂತ ಹುಡುಗನಿಗೆ ತೋರಿಸಲು ಎಂಟು ವರ್ಷದ ಖರ್ಚನ್ನು ಒಂದು ಹಾಳೆಯಲ್ಲಿ ಕೂಡಿದೆವು. ಮೊದಲ ಎರಡು ವರ್ಷದ್ದು 100, ಆಮೇಲಿನ ಮೂರು ವರ್ಷದ್ದು 180, ನಷ್ಟ 75, ಕೊನೆಯ ಮೂರು ವರ್ಷದ್ದು 135. ಒಟ್ಟು 490. ವಾಪಸ್ ಬಂದ 60 ಕಳೆದರೆ 430. ಮೀಸಲಿನಿಂದ ವರ್ಗಾಯಿಸಿದ 30 ಕಳೆದರೆ 400. ವರ್ಷಕ್ಕೆ 50ರಂತೆ ಎಂಟು ವರ್ಷಕ್ಕೆ ಎಷ್ಟು? ಅದೇ 400. 75 ಹಾಕಿದ್ದರೆ 385 ಬರುತ್ತಿತ್ತು.

ವಾರ್ಷಿಕ ವರ್ಗಾವಣೆ ಕಡ್ಡಾಯವಲ್ಲ, ಹಾಗಾಗಿ ಸುಮ್ನೆ ಬಿಟ್ಟರೇನು ಅಂತ ಕೇಳುವವರಿದ್ದಾರೆ. ಬಿಡಬಹುದು. ಆದರೆ ಮುಂದೆ ಅದರ ಪರಿಣಾಮ ಲಾಭದ ಮೇಲೇ ಬೀಳುತ್ತದೆ. ಇದೇ ಕಟ್ಟಡದಲ್ಲಿ ವರ್ಗಾವಣೆ ಮಾಡದಿದ್ದರೆ ಐದನೇ ವರ್ಷ ಮೀಸಲು 180 ಇರುತ್ತಿತ್ತು. 225ರ ಇಳಿಕೆಯಲ್ಲಿ 180 ಅಲ್ಲೇ ಮುಗಿದು, ಲಾಭ-ನಷ್ಟಕ್ಕೆ 75ರ ಬದಲು 45 ಮಾತ್ರ ಹೋಗುತ್ತಿತ್ತು. ಮೇಲಿನ ಸೂತ್ರವೂ ಆಗ ಕೆಲಸ ಮಾಡುವುದಿಲ್ಲ. ಯಾವುದನ್ನು ಆರಿಸಿದರೂ ಮೊದಲ ವರ್ಷವೇ ಆರಿಸಿ, ಆಮೇಲೆ ಬದಲಿಸಬೇಡಿ. ಬೆಲೆ ಇಳಿದ ವರ್ಷ ನೋಡಿಕೊಂಡು ನೀತಿ ಬದಲಿಸಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಇಲ್ಲಿವರೆಗೆ ತೆರಿಗೆ ಬಿಟ್ಟು ಹೇಳಿದ್ದೇನೆ. ನಿಜವಾದ ಪುಸ್ತಕದಲ್ಲಿ ಮೀಸಲಿನಿಂದ ಡಿಫರ್ಡ್ ಟ್ಯಾಕ್ಸ್ ಕಳೆಯಬೇಕಾಗುತ್ತದೆ. ದರ 25% ಅಂತ ಇಟ್ಟುಕೊಂಡರೆ 120ರಲ್ಲಿ 30 ತೆರಿಗೆ ಹೊಣೆ, ಮೀಸಲಿನಲ್ಲಿ 90. ವರ್ಷದ ವರ್ಗಾವಣೆಯೂ 10 ಅಲ್ಲ, 7.5.

ಹತ್ತನೇ ವರ್ಷದ ಕೊನೆಗೆ ಕಟ್ಟಡವನ್ನು ಮಾರಿದೆವು. 720ಕ್ಕೆ ಉಳಿದದ್ದು 12 ವರ್ಷ, ಸವಕಳಿ ವರ್ಷಕ್ಕೆ 60. ಎರಡು ವರ್ಷದ ನಂತರ ಪುಸ್ತಕದಲ್ಲಿ 600, ಮೀಸಲಿನಲ್ಲಿ 100. ಮಾರಾಟಕ್ಕೆ ಬಂದದ್ದು 650. ಲಾಭ-ನಷ್ಟದಲ್ಲಿ ಕಂಡ ಲಾಭ 50 ಮಾತ್ರ. ಕಟ್ಟಡವೇ ಹೋಯಿತು, ಇನ್ನು ಮೀಸಲಿನ 100 ನಿಜವಾದ ಲಾಭವಲ್ಲವೇ, ಅದನ್ನೂ ಸೇರಿಸಿ 150 ತೋರಿಸಬಾರದೇ ಅಂತ ಮೇಲಿನಿಂದ ಪ್ರಶ್ನೆ ಬಂತು. ಬರುವುದಿಲ್ಲ ಅಂದೆ. ಆ ಏರಿಕೆ ಒಂದು ಸಲ ಒಸಿಐನಲ್ಲಿ ಕಾಣಿಸಿಕೊಂಡಿದೆ, ಇನ್ನೊಮ್ಮೆ ಲಾಭ-ನಷ್ಟದ ಮೂಲಕ ಹಾಯುವಂತಿಲ್ಲ. 100 ನೇರವಾಗಿ ರಿಟೇನ್ಡ್ ಅರ್ನಿಂಗ್ಸ್‌ಗೆ ಹೋಯಿತು. ಮೂಲದ ಸಾಲಿನಲ್ಲಿ ಆ ದಿನ ಇದ್ದದ್ದು 500. 650ಕ್ಕೆ ಮಾರಿದರೆ 150. ನಮ್ಮ 50 ಮತ್ತು 100 ಕೂಡಿದರೂ ಅಷ್ಟೇ. ಆ ಕಟ್ಟಡದ ಸಾಲಿನಲ್ಲಿ ಎರಡೂ ಕಾಲಂ ಸೊನ್ನೆಯಾದವು. ಲೆಡ್ಜರಿನ ಮೀಸಲಿನಲ್ಲಿ ಇನ್ನೊಂದು ಕಟ್ಟಡದ್ದು ಮಾತ್ರ ಉಳಿಯಿತು.